ಒಂದು ಗಂಟೆ ಹೆಚ್ಚು, ಜೊತೆಗೊಬ್ಬ ಸ್ಕ್ರೈಬ್: ಡಿಸ್ಲೆಕ್ಸಿಯಾ ಇರುವ ವಿದ್ಯಾರ್ಥಿಗಾಗಿ ಅರ್ಜಿ ಹಾಕುವ ಬಗೆ

(ಪೋಷಕರು ಮತ್ತು ಪ್ರೌಢಶಾಲಾ ಶಿಕ್ಷಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಬುದ್ಧಿಗೆ ಕೊರತೆ ಇಲ್ಲದಿದ್ದರೂ ಓದು ಬರಹ ಕಷ್ಟವಾಗುವ ಡಿಸ್ಲೆಕ್ಸಿಯಾ ಎಂಬ ಕಲಿಕಾ ತೊಂದರೆ ಇರುವ ಮಕ್ಕಳಿಗೆ ಪರೀಕ್ಷೆಯಲ್ಲಿ ಸಿಗುವ ಸೌಲಭ್ಯಗಳ ಬಗ್ಗೆ ಇವತ್ತಿನ ಮಾತು. ಅರ್ಜಿ, ಪ್ರಮಾಣಪತ್ರ ಅನ್ನುವ ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಹೆಚ್ಚುವರಿ ಸಮಯ ಮತ್ತು ಸ್ಕ್ರೈಬ್, ಅಂದರೆ ಮಗು ಹೇಳಿದ್ದನ್ನು ಬರೆದುಕೊಡುವ ಲಿಪಿಕಾರ, ಇವೆರಡನ್ನೂ ಯಾವಾಗಲೂ ಒಟ್ಟಿಗೆ ಹೇಳಿ ಹೇಳಿ ಎರಡೂ ಒಂದೇ ಸೌಲಭ್ಯ ಅನ್ನುವಂತಾಗಿದೆ. ಹಾಗಲ್ಲ. ಒಂದು ಸಿಕ್ಕಿ ಇನ್ನೊಂದು ಸಿಗದೆ ಹೋಗಬಹುದು. ಒಂದೇ ಸಾಕಾಗಿದ್ದು ಎರಡನ್ನೂ ಕೇಳಿ ಮಗುವಿಗೆ ತೊಂದರೆಯೂ ಆಗಬಹುದು. ಆದ್ದರಿಂದ ನಮ್ಮ ಮಗುವಿಗೆ ಏನು ಬೇಕು ಅನ್ನುವುದನ್ನು ಮನೆಯಲ್ಲಿ, ಶಾಲೆಯಲ್ಲಿ ಅಳೆದು ನೋಡಿ ಆಮೇಲೆ ಕೇಳಬೇಕು. ಅಳೆಯುವುದು ಕಷ್ಟದ ಕೆಲಸವೇನಲ್ಲ. ಬೇಕಾಗುವುದು ಹಳೆಯ ಮೂರು ಪ್ರಶ್ನೆಪತ್ರಿಕೆ, ಒಂದು ಗಡಿಯಾರ, ಮೂರು ಭಾನುವಾರ.

ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಅಂತ ಇಟ್ಟುಕೊಳ್ಳಿ. ವಿಷಯ ವಿಜ್ಞಾನ, 80 ಅಂಕದ ಪತ್ರಿಕೆ, ಮೂರು ಗಂಟೆ. ಮೊದಲ ಭಾನುವಾರ ಅವಳೊಬ್ಬಳೇ ಕುಳಿತು ಮೂರೇ ಗಂಟೆಯಲ್ಲಿ ಬರೆಯುತ್ತಾಳೆ. 29 ಅಂಕ ಬರುತ್ತದೆ, 24 ಅಂಕದ ಪ್ರಶ್ನೆಗಳನ್ನು ಮುಟ್ಟಿಯೇ ಇರುವುದಿಲ್ಲ. ಎರಡನೇ ಭಾನುವಾರ ಅದೇ ಮಟ್ಟದ ಬೇರೆ ಪತ್ರಿಕೆ, ಈ ಸಲ ನಾಲ್ಕು ಗಂಟೆ. 38 ಅಂಕ. ಮುಟ್ಟದೇ ಬಿಟ್ಟದ್ದು 9 ಅಂಕದ್ದು ಮಾತ್ರ, ಆದರೆ ಉತ್ತರಗಳೆಲ್ಲ ಒಂದೊಂದು ಸಾಲು. ‘ದ್ಯುತಿಸಂಶ್ಲೇಷಣೆ’ ಎಂದು ಬರೆಯಬೇಕಾದ ಕಡೆ ‘ದುತಿಸಂಶೇಷಣೆ’. ಕೊಂಬು, ದೀರ್ಘ, ಒತ್ತಕ್ಷರ ನೆನಪು ಮಾಡಿಕೊಳ್ಳುವುದರಲ್ಲೇ ಶಕ್ತಿ ಹೋಗಿ, ಗೊತ್ತಿರುವ ವಿಷಯವನ್ನೂ ಮೊಟಕು ಮಾಡಿದ್ದಾಳೆ. ಮೂರನೇ ಭಾನುವಾರ ನಾಲ್ಕು ಗಂಟೆ ಮತ್ತು ಪಕ್ಕದಲ್ಲಿ ಒಬ್ಬರು. ಅವರು ಪ್ರಶ್ನೆ ಓದುತ್ತಾರೆ, ಇವಳು ಬಾಯಲ್ಲಿ ಹೇಳುತ್ತಾಳೆ, ಅವರು ಬರೆದುಕೊಳ್ಳುತ್ತಾರೆ. 55 ಅಂಕ.

ಈಗ ಲೆಕ್ಕ ತಾನಾಗಿಯೇ ಮಾತಾಡುತ್ತದೆ. ಸಮಯದಿಂದ ಬಂದದ್ದು 9 ಅಂಕ, ಬರೆಯುವ ಕೈ ಬದಲಾಗಿದ್ದರಿಂದ ಬಂದದ್ದು 17. ಈ ಹುಡುಗಿಗೆ ಎರಡೂ ಬೇಕು. ಎರಡನೇ ಭಾನುವಾರವೇ 52 ಬಂದಿದ್ದರೆ? ಆಗ ಸಮಯವೊಂದೇ ಸಾಕು, ಸ್ಕ್ರೈಬ್ ಕೇಳುವುದು ಬೇಡ. ಯಾಕೆಂದರೆ ಇನ್ನೊಬ್ಬರಿಗೆ ಹೇಳಿ ಬರೆಸುವುದು ಕೂಡ ಒಂದು ವಿದ್ಯೆ, ಅದನ್ನು ಪ್ರತ್ಯೇಕವಾಗಿ ಕಲಿಯಬೇಕು. ಈ ಮೂರು ಉತ್ತರಪತ್ರಿಕೆಗಳ ಮೇಲೆ ದಿನಾಂಕ, ಶುರುವಾದ ಮತ್ತು ಮುಗಿದ ಹೊತ್ತು ಬರೆಸಿ, ವಿಷಯ ಶಿಕ್ಷಕರ ಸಹಿ ಹಾಕಿಸಿ ಎತ್ತಿಡಿ. ಆಮೇಲೆ ವೈದ್ಯರ ಮುಂದೆಯೂ ಮುಖ್ಯ ಶಿಕ್ಷಕರ ಮುಂದೆಯೂ ನೂರು ಮಾತು ಆಡುವ ಬದಲು ಇವನ್ನು ಇಟ್ಟರೆ ಸಾಕು.

ಕನ್ನಡ ಮಾಧ್ಯಮದ ಮಕ್ಕಳ ಬಗ್ಗೆ ಇಲ್ಲಿ ಒಂದು ಮಾತು ಸೇರಿಸಬೇಕು. ಇಂಗ್ಲಿಷಿನಲ್ಲಿ ಬರೆಯುವುದೊಂದು, ಓದುವುದೊಂದು. ಹಾಗಾಗಿ ಡಿಸ್ಲೆಕ್ಸಿಯಾ ಇರುವ ಮಗು ತಪ್ಪುತಪ್ಪಾಗಿ ಓದಿ ಬೇಗ ಸಿಕ್ಕಿಬೀಳುತ್ತದೆ. ಕನ್ನಡದಲ್ಲಿ ಬರೆದಂತೆಯೇ ಓದು. ಅಕ್ಷರ, ಕಾಗುಣಿತ, ಒತ್ತು ಒಂದು ಹಂತಕ್ಕೆ ಬಂದ ಮೇಲೆ ಮಗು ಸರಿಯಾಗಿಯೇ ಓದುತ್ತದೆ, ಆದರೆ ಬಹಳ ನಿಧಾನ. ಬೆರಳಿಟ್ಟುಕೊಂಡು ಒಂದೊಂದೇ ಅಕ್ಷರ ಕೂಡಿಸಿ, ಸಾಲಿನ ಕೊನೆಗೆ ಬರುವಷ್ಟರಲ್ಲಿ ಸಾಲಿನ ಮೊದಲು ಏನಿತ್ತು ಎಂದು ಮರೆತಿರುತ್ತದೆ. ‘ಓದ್ತಾನಲ್ಲ, ಇನ್ನೇನು?’ ಎಂದು ಶಾಲೆಯಲ್ಲಿ ಹೇಳಿಬಿಡುವುದು ಇದೇ ಕಾರಣಕ್ಕೆ. ಕನ್ನಡದಲ್ಲಿ ತಪ್ಪು ಎಣಿಸಿದರೆ ಸಾಲದು, ನಿಮಿಷ ಎಣಿಸಬೇಕು. ಪಾಠದ ಒಂದು ಪುಟವನ್ನು ಅದೇ ತರಗತಿಯ ಸಾಮಾನ್ಯ ವಿದ್ಯಾರ್ಥಿ ಎಷ್ಟು ಹೊತ್ತಿಗೆ ಓದುತ್ತಾನೆ, ಈ ಮಗು ಎಷ್ಟು ಹೊತ್ತಿಗೆ ಓದುತ್ತದೆ, ಎರಡನ್ನೂ ಬರೆದಿಡಿ.

ಇನ್ನು ಕಾನೂನು. ಇದನ್ನು ಬೇಗ ಮುಗಿಸುತ್ತೇನೆ, ಆದರೆ ಐದು ಇಸವಿ ನೆನಪಿರಲಿ. 1995ರ ಅಂಗವಿಕಲರ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯ ಹೆಸರೇ ಇರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಪಟ್ಟಿ ಮಾಡಿತು, ಅದರಲ್ಲಿ ‘ನಿರ್ದಿಷ್ಟ ಕಲಿಕಾ ನ್ಯೂನತೆ’ಯ ಅಡಿಯಲ್ಲಿ ಡಿಸ್ಲೆಕ್ಸಿಯಾವನ್ನು ಹೆಸರಿಟ್ಟೇ ಹೇಳಿತು. ಅದೇ ಕಾಯ್ದೆಯ 17ನೇ ಸೆಕ್ಷನ್ ಪರೀಕ್ಷಾ ಪದ್ಧತಿಯಲ್ಲಿ ಬದಲಾವಣೆ ಮಾಡಿಕೊಡಬೇಕು ಎಂದು ಹೇಳಿ, ಉದಾಹರಣೆಗೆ ಹೆಚ್ಚುವರಿ ಸಮಯ, ಲಿಪಿಕಾರರ ಸೌಲಭ್ಯ, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಎಂದು ಬಿಡಿಸಿ ಹೇಳುತ್ತದೆ. ಮಾನವೀಯ ದೃಷ್ಟಿಯಿಂದ ಪರಿಗಣಿಸಬೇಕು ಎಂದು ಅರ್ಜಿಯಲ್ಲಿ ಬೇಡಿಕೊಳ್ಳುವ ಅಗತ್ಯವೇ ಇಲ್ಲ. ಸೆಕ್ಷನ್ 17 ಎಂದು ಬರೆದರೆ ಆಯಿತು.

ಸಮಯ ಎಷ್ಟು, ಸ್ಕ್ರೈಬ್ ಯಾರಾಗಬಹುದು ಅನ್ನುವುದನ್ನು 29 ಆಗಸ್ಟ್ 2018ರ ಕೇಂದ್ರದ ಮಾರ್ಗಸೂಚಿ ಹೇಳಿತು. ಆದರೆ ಅದು ಶೇಕಡಾ 40 ಮತ್ತು ಅದಕ್ಕಿಂತ ಹೆಚ್ಚು ನ್ಯೂನತೆ ಇರುವವರಿಗೆ. ಅದಕ್ಕಿಂತ ಕಡಿಮೆ ಇದ್ದವರ ಕಥೆ? ವಿಕಾಸ್ ಕುಮಾರ್ ಎಂಬ ಅಭ್ಯರ್ಥಿಗೆ ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇತ್ತು. ಯುಪಿಎಸ್‌ಸಿ ಸ್ಕ್ರೈಬ್ ಕೊಡಲು ಒಪ್ಪಲಿಲ್ಲ. 11 ಫೆಬ್ರವರಿ 2021ರಂದು ಸುಪ್ರೀಂ ಕೋರ್ಟ್ ಸ್ಕ್ರೈಬ್ ಪಡೆಯಲು ಶೇಕಡಾ 40 ಎಂಬ ಮಿತಿ ಅಡ್ಡ ಬರಬಾರದು ಎಂದಿತು. ಅದರ ಫಲವಾಗಿ 10 ಆಗಸ್ಟ್ 2022ರಂದು ಇನ್ನೊಂದು ಮಾರ್ಗಸೂಚಿ ಬಂತು: ಶೇಕಡಾ 40ಕ್ಕಿಂತ ಕಡಿಮೆ ಇದ್ದರೂ ಬರೆಯಲು ತೊಂದರೆ ಇರುವವರಿಗೆ. ನಿಮ್ಮ ಮಗುವಿನ ಪ್ರಮಾಣಪತ್ರದಲ್ಲಿ ಎಷ್ಟು ಶೇಕಡಾ ಎಂದು ಬಂದಿದೆಯೋ ನೋಡಿಕೊಂಡು, ಈ ಎರಡರಲ್ಲಿ ಯಾವ ದಾರಿ ನಮ್ಮದು ಎಂದು ತೀರ್ಮಾನಿಸಬೇಕು. ಎರಡು ದಾರಿಯ ಕಾಗದವೂ ಬೇರೆ ಬೇರೆ.

ಅರ್ಜಿಗಳು ಬಿದ್ದುಹೋಗುವುದು ಬಹುತೇಕ ಈ ಕಾಗದದಲ್ಲೇ, ಅದಕ್ಕೆ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಖಾಸಗಿ ಮನಃಶಾಸ್ತ್ರಜ್ಞರ ಎಂಟು ಪುಟದ ವರದಿ ಹಿಡಿದು ಪೋಷಕರು ನೇರ ಮುಖ್ಯ ಶಿಕ್ಷಕರ ಬಳಿ ಹೋಗುತ್ತಾರೆ. ವರದಿ ಚೆನ್ನಾಗಿಯೇ ಇರುತ್ತದೆ, ಮಗುವಿಗೆ ಪಾಠ ಹೇಗೆ ಹೇಳಬೇಕು ಅನ್ನುವುದಕ್ಕೆ ಉಪಯೋಗಕ್ಕೂ ಬರುತ್ತದೆ. ಆದರೆ ಪರೀಕ್ಷಾ ಮಂಡಳಿಗೆ ಅದು ರೋಗನಿರ್ಣಯದ ವರದಿ ಮಾತ್ರ, ಪ್ರಮಾಣಪತ್ರ ಅಲ್ಲ. ಪ್ರಮಾಣಪತ್ರ ಕೊಡುವುದು ಸರ್ಕಾರ ಗುರುತಿಸಿದ ವೈದ್ಯಕೀಯ ಪ್ರಾಧಿಕಾರ. ಇದಕ್ಕೆ swavlambancard.gov.in ತಾಣದಲ್ಲಿ ಯುಡಿಐಡಿ ಎಂಬ ವಿಕಲಚೇತನರ ಗುರುತಿನ ಕಾರ್ಡಿಗೆ ಅರ್ಜಿ ಹಾಕಿ, ನ್ಯೂನತೆಯ ಬಗೆಯಲ್ಲಿ ‘ಸ್ಪೆಸಿಫಿಕ್ ಲರ್ನಿಂಗ್ ಡಿಸೆಬಿಲಿಟಿ’ ಆರಿಸಿ, ಆಸ್ಪತ್ರೆ ಆರಿಸಿಕೊಳ್ಳಬೇಕು. ಅಲ್ಲಿ ಮೊದಲು ಬುದ್ಧಿಮತ್ತೆಯ ಪರೀಕ್ಷೆ ಆಗುತ್ತದೆ, ಕಲಿಕೆಯ ತೊಂದರೆ ಬುದ್ಧಿಮತ್ತೆಯ ಕೊರತೆಯಿಂದ ಬಂದದ್ದಲ್ಲ ಎಂದು ತಿಳಿಯಲು. ಆಮೇಲೆ ಕಲಿಕಾ ನ್ಯೂನತೆಯ ಪರೀಕ್ಷೆ. ಅದಕ್ಕೆ ದೇಶದಲ್ಲೆಲ್ಲ ಬಳಸುವ ಪರೀಕ್ಷಾ ಸರಣಿ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ತಯಾರಾದದ್ದು. ಹೋಗುವ ಮುನ್ನ ಕಣ್ಣು, ಕಿವಿ ತಪಾಸಣೆ ಮಾಡಿಸಿದ ಚೀಟಿ ಕೈಲಿರಲಿ. ಅದಿಲ್ಲದೆ ಹೋದರೆ ಮೊದಲು ಅದನ್ನು ಮಾಡಿಸಿಕೊಂಡು ಬನ್ನಿ ಎಂದು ವಾಪಸ್ ಕಳಿಸುತ್ತಾರೆ. ಮಗು ಕನ್ನಡ ಮಾಧ್ಯಮದ್ದಾಗಿದ್ದರೆ ಓದು ಬರಹದ ಪರೀಕ್ಷೆ ಕನ್ನಡದಲ್ಲೇ ಆಗಬೇಕು ಎಂದು ಸಮಯ ಗೊತ್ತು ಮಾಡುವಾಗಲೇ ಹೇಳಿ. ಇಂಗ್ಲಿಷಿನಲ್ಲಿ ಮಾತ್ರ ಮಾಡಿದರೆ ತೊಂದರೆ ಕಲಿಕೆಯದೋ, ಭಾಷೆ ಬಾರದ್ದರದೋ ಎಂದು ಬಿಡಿಸುವುದು ಕಷ್ಟ.

ವಯಸ್ಸಿನ ಲೆಕ್ಕವನ್ನೂ ಗಮನಿಸಿ. 2018ರ ಜನವರಿಯ ಮೌಲ್ಯಮಾಪನ ಮಾರ್ಗಸೂಚಿಯ ಪ್ರಕಾರ ಕಲಿಕಾ ನ್ಯೂನತೆಯ ಪ್ರಮಾಣಪತ್ರ 8 ವರ್ಷ ತುಂಬಿದವರಿಗೆ. 14ರಲ್ಲಿ ಮತ್ತೊಮ್ಮೆ ಪರೀಕ್ಷಿಸಿ ಹೊಸದು ಪಡೆಯಬೇಕು, 18ರಲ್ಲಿ ಇನ್ನೊಮ್ಮೆ. 18ರಲ್ಲಿ ಕೊಟ್ಟದ್ದು ಜೀವನಪೂರ್ತಿ ನಡೆಯುತ್ತದೆ. ನಮ್ಮ ಮಕ್ಕಳು ಎಸ್ಸೆಸ್ಸೆಲ್ಸಿ ಬರೆಯುವುದು 15, 16ರ ವಯಸ್ಸಿನಲ್ಲಿ. ನಾಲ್ಕನೇ ತರಗತಿಯಲ್ಲಿ ಮಾಡಿಸಿದ ಪ್ರಮಾಣಪತ್ರ ಇದೆಯಲ್ಲ ಎಂದು ನಿಶ್ಚಿಂತೆಯಿಂದ ಇದ್ದ ಮನೆಯವರಿಗೆ ಹತ್ತನೇ ತರಗತಿಯಲ್ಲಿ ಪೆಟ್ಟು ಬೀಳುವುದು ಇಲ್ಲೇ. ಎಂಟನೇ ತರಗತಿಯ ಕೊನೆ ಅಥವಾ ಒಂಬತ್ತನೆಯದರ ಶುರುವಿನಲ್ಲಿ ಮರುಪರೀಕ್ಷೆಗೆ ಸರದಿ ಹಿಡಿಯಿರಿ. ದೊಡ್ಡ ಸರ್ಕಾರಿ ಸಂಸ್ಥೆಗಳಲ್ಲಿ ಒಂದೇ ದಿನಕ್ಕೆ ಮುಗಿಯುವ ಕೆಲಸ ಇದಲ್ಲ, ಎರಡು ಮೂರು ಭೇಟಿ ಬೇಕಾಗುತ್ತದೆ.

ಇಷ್ಟಾದರೂ ಸ್ಕ್ರೈಬಿಗೆ ಸಾಲದು! ಡಿಸ್ಲೆಕ್ಸಿಯಾ ಇದೆ ಎನ್ನುವ ಪ್ರಮಾಣಪತ್ರ, ಮಗುವಿಗೆ ಕೈಯಿಂದ ಬರೆಯಲಾಗುವುದಿಲ್ಲ ಎಂದು ಹೇಳುವುದಿಲ್ಲ. 2018ರ ಮಾರ್ಗಸೂಚಿಯಲ್ಲಿ ದೃಷ್ಟಿ ಇಲ್ಲದವರು, ಎರಡೂ ಕೈಗೆ ತೊಂದರೆ ಇರುವವರು, ಸೆರೆಬ್ರಲ್ ಪಾಲ್ಸಿ ಇರುವವರು ಕೇಳಿದರೆ ಸ್ಕ್ರೈಬ್ ಕೊಡಲೇಬೇಕು. ಉಳಿದವರೆಲ್ಲ, ಡಿಸ್ಲೆಕ್ಸಿಯಾ ಇರುವವರೂ ಸೇರಿ, ಬರೆಯುವುದಕ್ಕೆ ಮಿತಿ ಇದೆ, ಸ್ಕ್ರೈಬ್ ಅವಶ್ಯ ಎನ್ನುವ ಇನ್ನೊಂದು ಪ್ರಮಾಣಪತ್ರ ತರಬೇಕು. ಅದಕ್ಕೆ ಸರ್ಕಾರಿ ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿ, ಸಿವಿಲ್ ಸರ್ಜನ್ ಅಥವಾ ವೈದ್ಯಕೀಯ ಅಧೀಕ್ಷಕರ ಸಹಿ ಬೇಕು, ಮಾರ್ಗಸೂಚಿಯ ಕೊನೆಗೆ ಕೊಟ್ಟ ನಮೂನೆಯಲ್ಲೇ ಇರಬೇಕು. ಶೇಕಡಾ 40ಕ್ಕಿಂತ ಕಡಿಮೆಯವರ ನಮೂನೆಯಲ್ಲಿ ಒಬ್ಬರಲ್ಲ, ಸಮಿತಿಯ ಸಹಿಗಳಿರುತ್ತವೆ. ಮನಃಶಾಸ್ತ್ರಜ್ಞರು ಅಥವಾ ಮನೋವೈದ್ಯರು, ಲಭ್ಯವಿದ್ದರೆ ನರರೋಗ ತಜ್ಞರು, ಹೀಗೆ ಹಲವರ ಜೊತೆಗೆ ಅಧ್ಯಕ್ಷರ ಸಹಿ. ಅದರ ಕೆಳಗೆ ಕಣ್ಣಿಗೆ ಬೀಳದ ಇನ್ನೊಂದು ಸಾಲು ಇದೆ: ಈ ಪ್ರಮಾಣಪತ್ರ ಹೆಚ್ಚೆಂದರೆ ಆರು ತಿಂಗಳು ಮಾತ್ರ ಊರ್ಜಿತ. ಶಾಲೆ ಶುರುವಾದ ಕೂಡಲೇ ಜೂನ್‌ನಲ್ಲಿ ಓಡಿಹೋಗಿ ಮಾಡಿಸಿದ ಶ್ರದ್ಧಾವಂತರ ಕಾಗದ ಡಿಸೆಂಬರಿಗೆ ಸತ್ತಿರುತ್ತದೆ, ಪರೀಕ್ಷೆ ಮಾರ್ಚ್‌ನಲ್ಲಿ! ಎಲ್ಲದರಲ್ಲೂ ಮುಂಚೆ ಹೋಗಿ ಎನ್ನುತ್ತೇನೆ, ಇದೊಂದರಲ್ಲಿ ಮಾತ್ರ ತಡೆದು ಹೋಗಿ. ನ್ಯೂನತೆಯ ಪ್ರಮಾಣಪತ್ರ ಒಂಬತ್ತರಲ್ಲಿ, ಬರೆಯುವ ತೊಂದರೆಯ ಪ್ರಮಾಣಪತ್ರ ಹತ್ತರಲ್ಲಿ, ಕೊನೆಯ ಪತ್ರಿಕೆಯ ದಿನವೂ ಜೀವಂತ ಇರುವಂತೆ ದಿನಾಂಕ ಎಣಿಸಿಕೊಂಡು. ಯಾವ ನಮೂನೆ ಎಂಬುದನ್ನು ಆ ವರ್ಷದ ಪರೀಕ್ಷಾ ಅಧಿಸೂಚನೆಯ ಜೊತೆಗೆ ಕೊಟ್ಟದ್ದರಿಂದಲೇ ಮುದ್ರಿಸಿಕೊಳ್ಳಿ, ಹಿಂದಿನ ವರ್ಷದವರ ಜೆರಾಕ್ಸ್ ಬೇಡ.

ಅರ್ಜಿ ಹೋಗುವುದು ಮುಖ್ಯ ಶಿಕ್ಷಕರ ಮೂಲಕ. ಎಸ್ಸೆಸ್ಸೆಲ್ಸಿಯಾದರೆ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಗೆ, ಸಿಬಿಎಸ್‌ಇ ಆದರೆ ಶಾಲೆಯ ಲಾಗಿನ್‌ನಿಂದ ಆ ಮಂಡಳಿಗೆ. ಎರಡರಲ್ಲೂ ಪರೀಕ್ಷೆಗೆ ವಿದ್ಯಾರ್ಥಿಗಳ ಹೆಸರು ನೋಂದಾಯಿಸುವಾಗಲೇ ವಿಶೇಷ ಅಗತ್ಯದ ಮಗು ಎಂಬ ಕಲಂ ತುಂಬಿಸಿರಬೇಕು. ಆಗ ಅದನ್ನು ಖಾಲಿ ಬಿಟ್ಟರೆ ಫೆಬ್ರವರಿಯಲ್ಲಿ ಎಂಥ ಪ್ರಮಾಣಪತ್ರ ತಂದರೂ ತಿದ್ದುಪಡಿಯ ಓಡಾಟ ಶುರುವಾಗುತ್ತದೆ. ನೋಂದಣಿ ಆದ ಮೇಲೆ ಅದರ ಪ್ರಿಂಟ್ ತೋರಿಸಿ ಎಂದು ಗುಮಾಸ್ತರನ್ನು ಕೇಳಿ ಆ ಕಲಮನ್ನು ಕಣ್ಣಾರೆ ನೋಡಿಕೊಳ್ಳುವುದು ಒಳ್ಳೆಯದು. ಅರ್ಜಿ ಅರ್ಧ ಪುಟ ಮೀರಬಾರದು. ಒಂದು ಮಾದರಿ ಓದುತ್ತೇನೆ, ಬರೆದುಕೊಳ್ಳಿ:

> ಮಾನ್ಯರೇ, ನನ್ನ ಮಗಳು 10ನೇ ತರಗತಿ ‘ಎ’ ವಿಭಾಗದಲ್ಲಿ ಓದುತ್ತಿದ್ದು, ನಿರ್ದಿಷ್ಟ ಕಲಿಕಾ ನ್ಯೂನತೆ (ಡಿಸ್ಲೆಕ್ಸಿಯಾ) ಹೊಂದಿರುತ್ತಾಳೆ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ ಸೆಕ್ಷನ್ 17ರ ಅನ್ವಯ ವಾರ್ಷಿಕ ಪರೀಕ್ಷೆಯ ಎಲ್ಲ ಪತ್ರಿಕೆಗಳಿಗೆ ಈ ಕೆಳಗಿನವನ್ನು ಮಂಜೂರು ಮಾಡಿಸಿಕೊಡಲು ಕೋರುತ್ತೇನೆ. ಒಂದು, ಪ್ರತಿ ಗಂಟೆಗೆ 20 ನಿಮಿಷದಂತೆ ಹೆಚ್ಚುವರಿ ಸಮಯ. ಎರಡು, ಪ್ರಶ್ನೆಗಳನ್ನು ಓದಿ ಹೇಳಲು ಹಾಗೂ ಉತ್ತರ ಬರೆಯಲು ಲಿಪಿಕಾರರು. ಮೂರು, ಪ್ರತ್ಯೇಕ ಕೊಠಡಿ. ನಾಲ್ಕು, ಚಿತ್ರ, ನಕ್ಷೆ ಮತ್ತು ರೇಖಾಗಣಿತದ ರಚನೆಗಳನ್ನು ವಿದ್ಯಾರ್ಥಿನಿಯೇ ಬರೆಯಲು ಅನುಮತಿ. ಲಗತ್ತು: ಪ್ರಮಾಣಪತ್ರಗಳ ದೃಢೀಕೃತ ಪ್ರತಿ, ಮೂರು ಅಭ್ಯಾಸ ಉತ್ತರಪತ್ರಿಕೆ.

ಎರಡನೇ ಕೋರಿಕೆಯಲ್ಲಿ ‘ಓದಿ ಹೇಳಲು’ ಎಂಬ ಮಾತನ್ನು ಬೇಕೆಂದೇ ಹಾಕಿದ್ದೇನೆ. ಡಿಸ್ಲೆಕ್ಸಿಯಾದಲ್ಲಿ ಅರ್ಧ ಕಷ್ಟ ಓದಿನದು. ಆದೇಶದಲ್ಲಿ ‘ಬರೆಯಲು’ ಎಂದಷ್ಟೇ ಇದ್ದರೆ ಕೊಠಡಿ ಮೇಲ್ವಿಚಾರಕರು ನಿಯಮ ಓದಿ, ಸ್ಕ್ರೈಬ್ ಪ್ರಶ್ನೆ ಓದುವಂತಿಲ್ಲ ಎಂದು ತಡೆಯಬಹುದು. ಅವರ ಮಟ್ಟಿಗೆ ಅದು ಸರಿಯೇ. ಮಾರ್ಗಸೂಚಿಯಲ್ಲಿ ಸ್ಕ್ರೈಬ್, ರೀಡರ್ ಎರಡೂ ಪದ ಇವೆ, ಎರಡನ್ನೂ ಕೇಳಿ. ನಾಲ್ಕನೇ ಕೋರಿಕೆಗೂ ಕಾರಣವಿದೆ. ಈ ಮಕ್ಕಳಲ್ಲಿ ಅನೇಕರು ಚಿತ್ರ ಚೆನ್ನಾಗಿಯೇ ಬರೆಯುತ್ತಾರೆ. ಹೃದಯದ ಚಿತ್ರವನ್ನು ಮಾತಲ್ಲಿ ವಿವರಿಸಿ ಇನ್ನೊಬ್ಬರ ಕೈಲಿ ಬರೆಸುವುದು ಯಾರಿಗಾದರೂ ಶಿಕ್ಷೆ. ಆದರೆ ಒಂದೇ ಉತ್ತರಪತ್ರಿಕೆಯಲ್ಲಿ ಎರಡು ಕೈಬರಹ ಕಂಡರೆ ಮೌಲ್ಯಮಾಪಕರಿಗೆ ಸಂಶಯ ಬರುವುದು ಸಹಜ, ಆದ್ದರಿಂದ ಅದು ಮೊದಲೇ ಬರವಣಿಗೆಯಲ್ಲಿ ಇರಬೇಕು. ಅರ್ಜಿಯ ಎರಡು ಪ್ರತಿ ಒಯ್ದು ಒಂದರ ಮೇಲೆ ಶಾಲೆಯ ಮೊಹರು, ದಿನಾಂಕದೊಂದಿಗೆ ಸ್ವೀಕೃತಿ ಹಾಕಿಸಿಕೊಂಡು ಬನ್ನಿ. ‘ನಮ್ಮ ಮೇಲೆ ನಂಬಿಕೆ ಇಲ್ಲವೇ’ ಎಂದು ಕೇಳಿದರೆ ನಕ್ಕು ಸುಮ್ಮನಿರಿ, ಮೊಹರು ಮಾತ್ರ ಬಿಡಬೇಡಿ.

ಈಗ ಸ್ಕ್ರೈಬ್. ಮಂಡಳಿಯ ಕಡೆಯಿಂದ ಕೊಡುವವರು ಒಂದು ಬಗೆ, ನಾವೇ ಕರೆದುಕೊಂಡು ಹೋಗುವವರು ಇನ್ನೊಂದು. ನಾವೇ ಕರೆದೊಯ್ಯುವವರಾದರೆ ವಿದ್ಯಾರ್ಥಿಗಿಂತ ಒಂದು ಮೆಟ್ಟಿಲು ಕೆಳಗಿನ ಓದಿನವರಿರಬೇಕು ಎಂದು 2018ರ ಮಾರ್ಗಸೂಚಿ. ಹತ್ತನೇ ತರಗತಿಯವಳಿಗೆ ಒಂಬತ್ತನೇ ತರಗತಿಯವರು. ಇಲ್ಲೊಂದು ಸಿಕ್ಕು ಇದೆ, ಅದು ಯಾವ ನಿಯಮದ ಪುಸ್ತಕದಲ್ಲೂ ಬರೆದಿರುವುದಿಲ್ಲ: ಒಂಬತ್ತನೇ ತರಗತಿಯ ವಾರ್ಷಿಕ ಪರೀಕ್ಷೆಯೂ ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಬರುತ್ತದೆ. ಗಣಿತದ ದಿನ ಅವನಿಗೂ ಅವನ ಶಾಲೆಯಲ್ಲಿ ಪರೀಕ್ಷೆ ಇದ್ದರೆ ಯಾರು ಬರುತ್ತಾರೆ? ಎರಡೂ ವೇಳಾಪಟ್ಟಿ ಪಕ್ಕದಲ್ಲಿಟ್ಟು ನೋಡಿ, ಅವನ ಮುಖ್ಯ ಶಿಕ್ಷಕರಿಂದ ವ್ಯಾಸಂಗ ಪ್ರಮಾಣಪತ್ರ ಪಡೆಯುವ ದಿನವೇ ಈ ಮಾತನ್ನೂ ಇತ್ಯರ್ಥ ಮಾಡಿಕೊಳ್ಳಿ. ಭಾಷಾ ಪತ್ರಿಕೆಗಳಿಗೆ ಬೇರೆ ಸ್ಕ್ರೈಬ್ ಇರಬಹುದು, ಹಿಂದಿ ಚೆನ್ನಾಗಿ ಬರೆಯುವವರು ಹಿಂದಿಗೆ ಮಾತ್ರ. ಒಂದು ವಿಷಯಕ್ಕೆ ಒಬ್ಬರೇ. ಇನ್ನೊಬ್ಬರ ಹೆಸರನ್ನೂ ಕಾಗದಪತ್ರ ಸಮೇತ ಸಿದ್ಧ ಇಟ್ಟುಕೊಳ್ಳಿ, ಮಾರ್ಚ್ ತಿಂಗಳು ಮಕ್ಕಳಿಗೆ ಜ್ವರ ಬರುವ ಕಾಲ. ತುರ್ತಿನಲ್ಲಿ ಸ್ಕ್ರೈಬ್ ಬದಲಿಸಲು ಅವಕಾಶ ಇದೆ, ಬದಲಿ ವ್ಯಕ್ತಿ ಇರಬೇಕಷ್ಟೇ.

ಆರಿಸುವಾಗ ಎಲ್ಲರೂ ಮುದ್ದಾದ ಅಕ್ಷರ ನೋಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಎರಡನೆಯದು. ಮೊದಲು ಬೇಕಾದದ್ದು ಕೇಳಿದ್ದನ್ನು ಕೇಳಿದಂತೆ ಬರೆಯುವ ಗುಣ. ಜಾಣ ಹುಡುಗನನ್ನು ಕೂರಿಸಿದರೆ ಅವನು ತನಗೆ ಗೊತ್ತಿದ್ದದ್ದನ್ನು ಸೇರಿಸಲು ಹೋಗುತ್ತಾನೆ, ಅಥವಾ ತಪ್ಪು ಕಂಡಾಗ ಮುಖ ಸಿಂಡರಿಸುತ್ತಾನೆ. ಆ ಮುಖ ನೋಡಿ ಇವಳು ಸರಿ ಉತ್ತರವನ್ನೂ ಬದಲಿಸುತ್ತಾಳೆ. ಮೇಲ್ವಿಚಾರಕರ ಕಣ್ಣಿಗೂ ಅದು ಸುಳಿವು ಕೊಟ್ಟಂತೆ ಕಾಣುತ್ತದೆ.

ಅಭ್ಯಾಸ ಹೀಗೆ ಮಾಡಿಸಿ. ಮೊದಲ ಎರಡು ಸಲ ಸಮಯದ ಗೊಡವೆ ಬೇಡ. ವಿದ್ಯಾರ್ಥಿನಿ ಪ್ರಶ್ನೆಯ ಸಂಖ್ಯೆಯನ್ನು ಮೊದಲು ಹೇಳಬೇಕು. ಆಮೇಲೆ ಇಡೀ ವಾಕ್ಯವನ್ನು ಮನಸ್ಸಿನಲ್ಲಿ ಕಟ್ಟಿಕೊಂಡು ಐದಾರು ಪದಗಳ ತುಂಡು ಮಾಡಿ ಹೇಳಬೇಕು. ಪೆನ್ನು ನಿಂತ ಮೇಲೆ ಮುಂದಿನ ತುಂಡು. ‘ಹೊಸ ಸಾಲು’, ‘ಅಡಿಗೆರೆ’, ‘ಎರಡನೇ ಅಂಶ’ ಎಂದು ಅವಳೇ ಹೇಳಬೇಕು, ಸ್ಕ್ರೈಬ್ ತಾನಾಗಿ ಹಾಕುವಂತಿಲ್ಲ. ಶುರುವಿನಲ್ಲಿ ಈ ಮಕ್ಕಳು ಮಾತಾಡಿದಂತೆಯೇ ಹೇಳಿಬಿಡುತ್ತಾರೆ, ‘ಅದು ಎಲೇಲಿ ಬೆಳಕು ಬಿದ್ದಾಗ ಆಗತ್ತಲ್ಲ ಅದು’ ಅಂತ. ಅದನ್ನೇ ‘ಸಸ್ಯಗಳು ಸೂರ್ಯನ ಬೆಳಕಿನಲ್ಲಿ’ ಎಂದು ಬರಹದ ಮಾತಿಗೆ ತಿರುಗಿಸಿ ಹೇಳುವುದನ್ನು ಕಲಿಯಲು ನಾಲ್ಕೈದು ಕೂರುವಿಕೆ ಬೇಕೇ ಬೇಕು.

ಗಣಿತದಲ್ಲಿ ಸಿಕ್ಕು ಹೆಚ್ಚು. ‘ಎಕ್ಸ್ ಪ್ಲಸ್ ಎರಡು ಬೈ ಮೂರು’ ಎಂದು ಹೇಳಿದರೆ ಅದು (x + 2)/3 ಆಗಬಹುದು, x + 2/3 ಕೂಡ ಆಗಬಹುದು. ಸ್ಕ್ರೈಬ್ ಒಂದನ್ನು ಊಹಿಸಿ ಬರೆದರೆ ಅಲ್ಲಿಂದ ಕೆಳಗೆಲ್ಲ ತಪ್ಪು. ಆದ್ದರಿಂದ ಇಬ್ಬರ ನಡುವೆ ಒಂದು ಒಪ್ಪಂದ ಇರಲಿ: ‘ಆವರಣ ತೆರೆ, ಎಕ್ಸ್ ಪ್ಲಸ್ ಎರಡು, ಆವರಣ ಮುಚ್ಚು, ಇಡೀ ಕೆಳಗೆ ಮೂರು’. ವರ್ಗವನ್ನು ‘ಎಕ್ಸ್‌ನ ತಲೆ ಮೇಲೆ ಎರಡು’ ಎಂದರೂ ನಡೆಯುತ್ತದೆ, ಇಬ್ಬರಿಗೂ ಅರ್ಥವಾದರೆ ಸರಿ. ಪ್ರತಿ ಸಾಲು ಆದ ಮೇಲೆ ಅವಳು ಅದನ್ನು ಒಮ್ಮೆ ಕಣ್ಣಿಂದ ನೋಡಬೇಕು, ಅಂಕಿ ಅದಲುಬದಲಾಗಿದ್ದರೆ ಅಲ್ಲೇ ಹಿಡಿಯಬೇಕು. ಪ್ರತಿ ವಿಷಯಕ್ಕೂ ಕನಿಷ್ಠ ಒಂದು ಪೂರ್ತಿ ಪತ್ರಿಕೆ, ಪೂರ್ತಿ ನಾಲ್ಕು ಗಂಟೆ ಕೂತು ಮುಗಿಸಲಿ. ನಾಲ್ಕನೇ ಗಂಟೆ ಸುಲಭದ್ದಲ್ಲ, ಗಂಟಲೂ ಒಣಗುತ್ತದೆ, ಬರೆಯುವವನ ಬೆರಳೂ ನೋಯುತ್ತದೆ. ಮಂಡಳಿಯೇ ಸ್ಕ್ರೈಬ್ ಕೊಡುವುದಾದರೆ ಎರಡು ದಿನ ಮೊದಲು ಅವರನ್ನು ಭೇಟಿ ಮಾಡಿಸುವ ಅವಕಾಶ ಮಾರ್ಗಸೂಚಿಯಲ್ಲಿದೆ. ಅದನ್ನು ಕೇಳಿ ಪಡೆಯಿರಿ, ಆ ಭೇಟಿಯಲ್ಲಿ ಕುಶಲೋಪರಿ ಬೇಡ, ಒಂದು ಗಣಿತದ ಲೆಕ್ಕ ಹೇಳಿ ಬರೆಸಿ.

ಸಮಯದ ಲೆಕ್ಕಕ್ಕೆ ಬರೋಣ. ಗಂಟೆಗೆ 20 ನಿಮಿಷ ಎಂದರೆ ಮೂರು ಗಂಟೆಗೆ 60 ನಿಮಿಷ, ಎರಡೂವರೆಗೆ 50, ಎರಡೂಮುಕ್ಕಾಲಿಗೆ 55. ಇದು ಕನಿಷ್ಠ. ಶೇಕಡಾ 40ಕ್ಕೆ ಮೇಲ್ಪಟ್ಟವರು ಸ್ಕ್ರೈಬ್ ಬೇಡವೆಂದರೂ ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ ಹೆಚ್ಚು ಕೇಳಬಹುದು ಎಂಬುದು 2018ರ ಮಾರ್ಗಸೂಚಿಯಲ್ಲಿದೆ, ಹೆಚ್ಚಿನವರಿಗೆ ಗೊತ್ತಿಲ್ಲ. ಪ್ರಶ್ನೆಪತ್ರಿಕೆ ಓದಿಕೊಳ್ಳಲು ಎಲ್ಲರಿಗೂ ಕೊಡುವ 15 ನಿಮಿಷವನ್ನು ಈ 60ರಲ್ಲಿ ಕಳೆಯುವಂತಿಲ್ಲ. 10.30ಕ್ಕೆ ಬರವಣಿಗೆ ಶುರುವಾದರೆ ಉಳಿದವರಿಗೆ 1.30, ಇವಳಿಗೆ 2.30.

ಪರೀಕ್ಷೆಯ ದಿನ ತಪ್ಪುವುದು ಇಲ್ಲೇ. 2021ರ ನೀಟ್ ಪರೀಕ್ಷೆಯಲ್ಲಿ ಅವನಿ ಪ್ರಕಾಶ್ ಎಂಬ, ಡಿಸ್ಗ್ರಾಫಿಯಾ ಅಂದರೆ ಬರೆಯುವುದೇ ಕಷ್ಟವಾಗುವ ತೊಂದರೆ ಇದ್ದ ವಿದ್ಯಾರ್ಥಿನಿಗೆ ಒಂದು ಗಂಟೆ ಹೆಚ್ಚಿನ ಸಮಯದ ಹಕ್ಕಿತ್ತು. ಕೇಂದ್ರದವರಿಗೆ ಅದು ಗೊತ್ತಿರಲಿಲ್ಲ, ಎಲ್ಲರ ಜೊತೆಗೆ ಅವಳ ಉತ್ತರಪತ್ರಿಕೆಯನ್ನೂ ತೆಗೆದುಕೊಂಡುಬಿಟ್ಟರು. ಸುಪ್ರೀಂ ಕೋರ್ಟ್ ಆ ವರ್ಷದ ನವೆಂಬರ್ 23ರಂದು ಇದು ಅನ್ಯಾಯ ಎಂದೇ ಹೇಳಿತು, ಪರಿಹಾರ ಯೋಚಿಸುವಂತೆ ಪರೀಕ್ಷಾ ಸಂಸ್ಥೆಗೆ ಸೂಚಿಸಿತು, ಆದರೆ ಅವಳಿಗಾಗಿ ಮರುಪರೀಕ್ಷೆ ಕೊಡಲಿಲ್ಲ. ಗೆದ್ದರೂ ಆ ಒಂದು ಗಂಟೆ ವಾಪಸ್ ಬರಲಿಲ್ಲ. ಹಾಗಾಗಿ ಹಾಲ್ ಟಿಕೆಟ್ ಬಂದ ದಿನವೇ ಮಂಜೂರಾತಿ ಆದೇಶದ ಪ್ರತಿ ಹಿಡಿದು ಪರೀಕ್ಷಾ ಕೇಂದ್ರದ ಮುಖ್ಯ ಅಧೀಕ್ಷಕರನ್ನು ಕಂಡು ಬನ್ನಿ. ಯಾವ ಕೊಠಡಿ ಎಂದು ಕೇಳಿ. ಪ್ರತ್ಯೇಕ ಕೊಠಡಿ ಇಲ್ಲದಿದ್ದರೆ ಇವಳು ಹೇಳುವ ಉತ್ತರ ಪಕ್ಕದವರಿಗೂ ಕೇಳುತ್ತದೆ, ಅದು ಅವರಿಗೂ ಸಮಸ್ಯೆಯೇ, ಹಾಗೆಂದು ಹೇಳಿದರೆ ಬೇಗ ಒಪ್ಪುತ್ತಾರೆ. ಮೊದಲ ಪತ್ರಿಕೆಯ ದಿನ ಮೇಲ್ವಿಚಾರಕರು ಹೊಸಬರಾಗಿರುತ್ತಾರೆ, ಎರಡನೇ ಪತ್ರಿಕೆಗೆ ಮತ್ತೊಬ್ಬರು. ಆದೇಶದ ಪ್ರತಿ ಪ್ರತಿದಿನ ಮಗುವಿನ ಕೈಲಿರಲಿ, ಬೆಳಿಗ್ಗೆಯೇ ಮುಗಿಯುವ ಹೊತ್ತನ್ನು ಕಪ್ಪುಹಲಗೆಯ ಮೇಲೆ ಬರೆಸಲಿ.

ಸಭೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸಿದೆ.

ಒಬ್ಬ ತಾಯಿ ಕೇಳಿದರು: ‘ಸರ್, ಅಂಕಪಟ್ಟಿಯಲ್ಲಿ ಅಂಗವಿಕಲ ಅಂತ ಮುದ್ರಿಸಿಬಿಟ್ಟರೆ ಹುಡುಗನ ಮುಂದಿನ ದಾರಿಗೆ ತೊಂದರೆ ಆಗಲ್ವಾ?’ ಅಮ್ಮ, ಈ ಭಯಕ್ಕೆ ಸೌಲಭ್ಯವನ್ನೇ ಬಿಡುವವರಿದ್ದಾರೆ. ಸೌಲಭ್ಯ ಪಡೆದದ್ದು ಅಂಕಪಟ್ಟಿಯಲ್ಲಿ ಬರುತ್ತದೆಯೋ ಇಲ್ಲವೋ ಎಂದು ಮುಖ್ಯ ಶಿಕ್ಷಕರ ಮೂಲಕ ನಿಮ್ಮ ಮಂಡಳಿಗೇ ಒಂದು ಪತ್ರ ಬರೆದು ಕೇಳಿ, ಬರವಣಿಗೆಯಲ್ಲೇ ಉತ್ತರ ಪಡೆಯಿರಿ. ಇನ್ನೊಂದು ವಿಷಯ: ಮುಂದೆ ಪಿಯುಸಿಗೆ, ಸಿಇಟಿಗೆ, ಉದ್ಯೋಗದ ಪರೀಕ್ಷೆಗೆ ಇದೇ ಸೌಲಭ್ಯ ಕೇಳುವಾಗ ‘ಎಸ್ಸೆಸ್ಸೆಲ್ಸಿಯಲ್ಲಿ ಯಾಕೆ ಕೇಳಲಿಲ್ಲ’ ಎಂಬ ಪ್ರಶ್ನೆ ಬರಬಹುದು. ಈಗಿನ ಆದೇಶದ ಪ್ರತಿ ಆಗ ಕೆಲಸಕ್ಕೆ ಬರುತ್ತದೆ.

ಒಬ್ಬ ಶಿಕ್ಷಕರು ಕೇಳಿದರು: ‘ಮಂಡಳಿ ತಿರಸ್ಕರಿಸಿದರೆ?’ ಕಾರಣವನ್ನು ಬರವಣಿಗೆಯಲ್ಲಿ ಕೊಡಿ ಎಂದು ಮೊದಲು ಕೇಳಿ. ಬಹಳ ಸಲ ಕಾರಣ ಸಣ್ಣದಿರುತ್ತದೆ: ನಮೂನೆ ತಪ್ಪು, ಅವಧಿ ಮುಗಿದಿದೆ, ಒಂದು ಸಹಿ ಇಲ್ಲ. ಅದನ್ನು ಸರಿಪಡಿಸಿ ಮತ್ತೆ ಹಾಕಿ. ಪ್ರಮಾಣಪತ್ರ ಕೊಡಲು ಆಸ್ಪತ್ರೆಯೇ ನಿರಾಕರಿಸಿದ್ದರೆ ಅದರ ವಿರುದ್ಧ ಮೇಲ್ಮನವಿಗೆ ಕಾಯ್ದೆಯ ಸೆಕ್ಷನ್ 59 ಇದೆ. ಕಾಗದವೆಲ್ಲ ಸರಿಯಿದ್ದೂ ಕೊಡದಿದ್ದರೆ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು, ಸಿಬಿಎಸ್‌ಇಯಂತಹ ಕೇಂದ್ರದ ಸಂಸ್ಥೆಯಾದರೆ ದೆಹಲಿಯ ಮುಖ್ಯ ಆಯುಕ್ತರಿಗೆ. ದೂರಿನ ಜೊತೆ ಮೊಹರು ಬಿದ್ದ ಆ ಸ್ವೀಕೃತಿಯ ಪ್ರತಿ ಇಡಿ. ಪರೀಕ್ಷೆಗೆ ಒಂದು ವಾರ ಉಳಿದಿರುವಾಗ ಹೋದರೆ ಯಾವ ಆಯುಕ್ತರಿಗೂ ಏನೂ ಮಾಡಲು ಸಮಯ ಇರುವುದಿಲ್ಲ, ಆದ್ದರಿಂದ ಜನವರಿ ಮುಗಿಯುವುದರೊಳಗೆ ಆದೇಶ ಕೈಗೆ ಬಂದಿಲ್ಲವೆಂದರೆ ಕಾಯಬೇಡಿ, ಫೆಬ್ರವರಿ ಮೊದಲ ವಾರವೇ ಬರೆಯಿರಿ.